ಹನ್ನೊಂದು ಪುಟದಾಗ ಯಾವುದನ್ನ ಇಟ್ಟುಕೋಬೇಕು?

ಹೋದ ವಾರ ನಮ್ಮ ಅಕ್ಕನ ಮಗಳು ಲ್ಯಾಪ್‌ಟಾಪ್ ಹಿಡಕೊಂಡು ಸೀದಾ ನಮ್ಮ ಅಡಗಿಮನಿಗೇ ಬಂದು ಕೂತ್ಲು. ಕಾಲೇಜಿನಾಗ ಇತಿಹಾಸ ಕಲಸ್ತಾಳ, ನಿಮಗ ಗೊತ್ತದ. ಕಸೂತಿ ಹಾಕೋ ಹೆಣ್ಮಕ್ಕಳ ಕೂಲಿ ಬಗ್ಗೆ ಸಂಶೋಧನಾ ಮಾಡ್ಲಿಕ್ಕೆ ಒಂದು ಫೆಲೋಶಿಪ್ಪಿಗೆ ಅರ್ಜಿ ಹಾಕ್ಲಿಕ್ಕತ್ತಾಳ. ಅವರು ಕೇಳಿದ್ದು ಎರಡೇ ಪುಟದ ಸಿ.ವಿ., ಇಕಿ ಕಡೆ ಇದ್ದದ್ದು ಹನ್ನೊಂದು ಪುಟ. ಅಕ್ಷರ ಸಣ್ಣ ಮಾಡಿ ತುರುಕಲೇನು ಮೌಶಿ ಅಂದ್ಲು. ಬ್ಯಾಡವಾ, ಅರ್ಜಿ ಓದೋರಿಗೂ ಚಾಳೀಸು ಬಂದಿರ್ತದ ಅಂದೆ.

ಅಷ್ಟು ಉದ್ದ ಬೆಳದದ್ದು ಇಕಿ ತಪ್ಪಲ್ಲ. 2010ರ ಯುಜಿಸಿ ನಿಯಮದಾಗ ಬಡ್ತಿಗೆ ಎಪಿಐ ಅಂಕ ಬಂದವು. ಆವಾಗಿಂದ ಹೋದ ಸೆಮಿನಾರು, ಕೂತ ಕಾರ್ಯಾಗಾರ ಎಲ್ಲಾ ಬರದಿಡೋ ರೂಢಿ ಬಿತ್ತು. ಬಡ್ತಿಯವರು ಎಷ್ಟು ಅಂತ ಎಣಿಸ್ತಾರ. ಫೆಲೋಶಿಪ್ಪಿನವರು ಹಂಗಲ್ಲ, ಈ ಕೆಲಸ ಇಕಿ ಕಡಿಂದ ಆಗ್ತದೇನು ಅಂತ ನೋಡ್ತಾರ. ನಾನೂ ನೌಕರಿಯೊಳಗಿದ್ದಾಗ ಇಂಥ ಅರ್ಜಿ ಓದೇನಿ. ಮೊದಲನೇ ಪುಟದಾಗ ಉತ್ತರ ಸಿಗಲಿಲ್ಲಂದ್ರ ಕೈ ಮುಂದಿನ ಅರ್ಜಿಗೆ ಹೋಗ್ತದ.

ಹಂಗಾಗಿ ನಲವತ್ತು ಸೆಮಿನಾರಿನಾಗ ಕಸೂತಿ, ನೇಕಾರಿಕಿ ಬಗ್ಗೆ ಮಾತಾಡಿದ್ದ ಮೂರನ್ನಷ್ಟೇ ಉಳಿಸಿದ್ವಿ. ರಿಫ್ರೆಶರ್ ಕೋರ್ಸು, ಪರೀಕ್ಷಾ ಮೇಲ್ವಿಚಾರಣೆ ಪೂರಾ ಹೋದ್ವು.

ಜಗಳ ಆದದ್ದು ಪ್ರಕಟಣೆ ಮ್ಯಾಲೆ. ರೊಕ್ಕ ಕೊಟ್ಟು ಹಾಕಿಸಿದ್ದ ನಾಕು ಇಂಗ್ಲಿಷ್ ಲೇಖನ ಇದ್ವು. ಹೆಸರಿನಾಗ 'ಇಂಟರ್‌ನ್ಯಾಷನಲ್' ಅದ, ಇರ್ಲಿ ಅಂದ್ಲು. ಓದೋರಿಗೆ ಅಂಥ ಪತ್ರಿಕೆ ಪರಿಚಯ ಇರ್ತಾವ. ಒಂದು ಕಂಡ್ರ ಬಾಜೂಕಿನ ಛಲೋ ಲೇಖನದ ಮ್ಯಾಲೂ ಸಂಶಯ ಬರ್ತದ. ತಗಸಿಬಿಟ್ಟೆ. ಹತ್ತೊಂಬತ್ತರಾಗ ಐದು ಉಳದ್ವು. ಮುಚ್ಚಿಟ್ಟಂಗ ಆಗಬಾರದಂತ ಮ್ಯಾಲೆ 'ಆಯ್ದ ಪ್ರಕಟಣೆಗಳು, 19ರಲ್ಲಿ 5' ಅಂತ ಬರಸಿದೆ. ಇಬ್ಬರು ಕೂಡಿ ಬರದದ್ದಕ್ಕ ಇಬ್ಬರ ಹೆಸರೂ ಅಚ್ಚಾದ ಕ್ರಮದಾಗೇ ಇರಬೇಕು, ಜಾಗ ಉಳಸ್ಲಿಕ್ಕೆ ಅದನ್ನ ಕತ್ತರಿಸೋಹಂಗಿಲ್ಲ.

ಖರೇ ಬಂಗಾರ ಸಿಕ್ಕಿದ್ದು ಒಂಬತ್ತನೇ ಪುಟದಾಗ, 'ಇತರೆ ಚಟುವಟಿಕೆ' ಕೆಳಗ. ಎರಡು ವರ್ಷ ರವಿವಾರಕ್ಕೊಮ್ಮೆ ಹೋಗಿ, ಕಸೂತಿ ಹಾಕೋ 32 ಹೆಣ್ಮಕ್ಕಳ ಕಡೆ ಕೂತು, ಒಂದು ಸೀರಿ ಸೆರಗಿಗೆ ಗವಂತಿ, ಮುರಗಿ, ನೇಗಿ, ಮೆಂತಿ ಹಾಕ್ಲಿಕ್ಕೆ ಎಷ್ಟು ದಿನ ಹಿಡೀತದ, ಕೈಗೆ ಎಷ್ಟು ಬರ್ತದ ಅಂತ ವಹಿಯೊಳಗ ಬರದಿಟ್ಟಾಳ. ಸರ್ಟಿಫಿಕೇಟ್ ಇಲ್ಲಂತ ಹಿಂದ ಒಗದಿದ್ಲು! ಅದನ್ನ ಮೊದಲನೇ ಪುಟಕ್ಕ ತಂದು, ಅದರ ಮ್ಯಾಲೆ ಬರದ ಕನ್ನಡ ಲೇಖನಾನೂ ಜೋಡಿಸಿ, ಶೀರ್ಷಿಕೆಗೆ ಇಂಗ್ಲಿಷ್ ಅರ್ಥ ಕೊಟ್ವಿ.

ಕಡೀಕ 2016ರಿಂದ 2019. ಒಂದೂ ಲೇಖನ ಇಲ್ಲ. ಕೂಸು ಸಣ್ಣದು, ನಮ್ಮಕ್ಕ ಹಾಸಿಗಿ ಹಿಡದಿದ್ಲು. ಇಸವಿ ಕಾಣದಂಗ ಮಾಡೋಣು ಅಂದ್ಲು, ಕಣ್ಣಾಗ ನೀರು ಬಂದಿತ್ತು. ಇಸವಿ ತಗದ್ರ ಓದೋರು ಮೊದಲು ಹುಡುಕೋದೇ ಅದನ್ನ. 'ಶಿಶುಪಾಲನೆ, ತಾಯಿಯ ಆರೈಕೆ' ಅಂತ ಒಂದು ಸಾಲು ಹಾಕಿದ್ವಿ, ವಿವರಣೆ ಏನೂ ಬರೀಲಿಲ್ಲ.

ಹನ್ನೊಂದು ಪುಟದ್ದನ್ನ ಮಾತ್ರ ಅಳಸಬ್ಯಾಡ, ಬಡ್ತಿಯವರು ಅದನ್ನೇ ಕೇಳ್ತಾರ ಅಂತ ಹೇಳಿ ಕಳಸೀನಿ.