‘ಇಂಪ್ರೆಸ್ ಆದೆ’ ಅನ್ನೋರ ಕಾಟ

ಲಿಂಕ್ಡ್‌ಇನ್‌ನಲ್ಲಿ ಪಾಲುದಾರರನ್ನು ಹುಡುಕೋರಿಗೆ ಯಾರೋ ಒಂದು ಮಂತ್ರ ಹೇಳಿಕೊಟ್ಟಿದ್ದಾರೆ: ಮೊದಲು ಹೊಗಳಿ, ಆಮೇಲೆ ನಿಮ್ಮ ಕಂಪನಿ ಬಗ್ಗೆ ಹೇಳಿ, ಕೊನೆಗೆ ಟೈಮ್ ಕೇಳಿ. “ಸರ್, ನಿಮ್ಮ ಪ್ರೊಫೈಲ್ ನೋಡಿ ಇಂಪ್ರೆಸ್ ಆದೆ. ನಮ್ಮದು ಮುಂಚೂಣಿ ಸಂಸ್ಥೆ. ಇಬ್ಬರಿಗೂ ಲಾಭವಾಗೋ ಅವಕಾಶ ಇದೆ. ಹದಿನೈದು ನಿಮಿಷ ಮಾತಾಡೋಣ್ವಾ?” ಇದನ್ನು ಓದಿದವರ ಬೆರಳು ತಾನಾಗೇ Ignore ಕಡೆ ಹೋಗುತ್ತೆ. ಹೋಗಲೇಬೇಕು! ಅದೇ ಸಾಲುಗಳನ್ನು ದಂತವೈದ್ಯರಿಗೂ ಕಳಿಸಬಹುದು, ಸಿಮೆಂಟ್ ಡೀಲರ್‌ಗೂ ಕಳಿಸಬಹುದು. ಇದು ಸೇಲ್ಸ್ ಅಂತ ಗೊತ್ತಾಗೋದು ಅಲ್ಲೇ, ವ್ಯಾಪಾರದ ಮಾತು ಬಂದದ್ದರಿಂದಲ್ಲ.

ಒಂದು ಉದಾಹರಣೆ ಕಟ್ಟೋಣ. ನೀವು ಹುಬ್ಬಳ್ಳಿಯಲ್ಲಿ ಕಿರಾಣಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡ್ತೀರಿ. ಶಿವಮೊಗ್ಗದಲ್ಲೊಬ್ಬರು ಎಲೆಕ್ಟ್ರಾನಿಕ್ ತಕ್ಕಡಿ ಮಾರಿ, ರಿಪೇರಿನೂ ಮಾಡ್ತಾರೆ. ಅವರ ಕಾಲಿಗೆ ಗೊತ್ತಿರೋ ಅಂಗಡಿಗಳು ನಿಮಗೆ ಬೇಕು. ಹಳೇ ತಕ್ಕಡಿಯನ್ನು ಕಂಪ್ಯೂಟರ್‌ಗೆ ಜೋಡಿಸೋ ಪಾಡಿನ ಬಗ್ಗೆ ಅವರು ಹೋದ ತಿಂಗಳು ಬರೆದಿದ್ದಾರೆ. ಹಾಗಾದ್ರೆ ನಿಮ್ಮ ಟಿಪ್ಪಣಿ ಇಷ್ಟೇ:

“ನಮಸ್ಕಾರ. ಹಳೇ ತೂಕದ ಯಂತ್ರ ಬಿಲ್ಲಿಂಗ್‌ಗೆ ಜೋಡಿಸೋ ಬಗ್ಗೆ ನೀವು ಬರೆದದ್ದು ಓದಿದೆ. ನಾವು ಹುಬ್ಬಳ್ಳಿಯಲ್ಲಿ ಕಿರಾಣಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡ್ತೀವಿ. ನಮಗೂ ಅದೇ ತಲೆನೋವು. ಪರಿಚಯ ಇರಲಿ ಅಂತ.”

ಇಲ್ಲಿ ಹೊಗಳಿಕೆ ಇಲ್ಲ, ಓದಿದ್ದಕ್ಕೆ ಸಾಕ್ಷಿ ಇದೆ. ಕಸುಬನ್ನು ಮುಚ್ಚಿಟ್ಟಿಲ್ಲ, ಮುಚ್ಚಿಡಲೂಬಾರದು. ಆಮೇಲೆ ಗೊತ್ತಾದ್ರೆ ಮೋಸ ಅನ್ನಿಸುತ್ತೆ. ಲಿಂಕ್ ಇಲ್ಲ, ಫೋನ್ ನಂಬರ್ ಇಲ್ಲ. ಮುಖ್ಯವಾಗಿ ಏನನ್ನೂ ಕೇಳಿಲ್ಲ. ಒಪ್ಪಿಕೊಂಡರೆ ಅವರು ಕಳ್ಕೊಳ್ಳೋದೇನೂ ಇಲ್ಲ.

ಜಾಗವೂ ಕಮ್ಮಿ. ಟಿಪ್ಪಣಿಗೆ ಬಹುಕಾಲ 300 ಅಕ್ಷರ ಇತ್ತು, ದುಡ್ಡು ಕಟ್ಟದ ಖಾತೆಗೆ ಆಮೇಲೆ 200ಕ್ಕೆ ಇಳಿಸಿದರು. ಕನ್ನಡದಲ್ಲಿ ಬರೆಯೋರಿಗೆ ಇನ್ನೂ ಇಕ್ಕಟ್ಟು. ಕೊಂಬು, ಒತ್ತು, ದೀರ್ಘ ಎಲ್ಲ ಬೇರೆ ಬೇರೆ ಲೆಕ್ಕ. ‘ಸ್ಕಾ’ ಅನ್ನೋ ಒಂದೇ ಅಕ್ಷರ ನಾಲ್ಕನ್ನು ನುಂಗುತ್ತೆ. ಮೇಲಿನ ಟಿಪ್ಪಣಿ ಹಾಗೂ ಹೀಗೂ 200ರೊಳಗೆ ಕೂತಿದೆ. ‘ಮುಂಚೂಣಿ ಸಂಸ್ಥೆ’ಗೆ ಅಲ್ಲಿ ಜಾಗ ಎಲ್ಲಿಂದ ಬರಬೇಕು?

ಅವರು ಏನೂ ಬರೆದೇ ಇಲ್ಲದಿದ್ರೆ? ಇಬ್ಬರಿಗೂ ಗೊತ್ತಿರೋ ಒಬ್ಬರ ಹೆಸರನ್ನು, ಅವರನ್ನು ಕೇಳಿಕೊಂಡು, ಹಾಕಿ. ಅದೂ ಇಲ್ಲದಿದ್ರೆ ಬರೆಯೋದಕ್ಕೆ ಇನ್ನೂ ಕಾರಣವೇ ಹುಟ್ಟಿಲ್ಲ ಅಂತ ನನ್ನ ಅಭಿಪ್ರಾಯ. ಸುಮ್ಮನಿರಿ.

ಟಿಪ್ಪಣಿಯನ್ನು ಚೆನ್ನಾಗಿ ಬರೆದು, ಒಪ್ಪಿಕೊಂಡ ಮರುನಿಮಿಷವೇ ಹನ್ನೆರಡು ಪುಟದ ಪಿಡಿಎಫ್ ಎಸೆಯೋರೂ ಇದ್ದಾರೆ. ಇವರು ಮೊದಲಿನವರಿಗಿಂತ ಕಡೆ. ಅಲ್ರೀ, ತಲೆನೋವು ಒಂದೇ ಅಂದಿರಲ್ಲ, ಆ ಮಾತನ್ನೇ ಮುಂದುವರಿಸಿ: “ಹಳೇ ತಕ್ಕಡಿಗೆ ನೀವು ಯಾವ ಕೇಬಲ್ ಹಾಕ್ತೀರಿ?” ಅಂತ ಕೇಳಿ. ಅದಕ್ಕೆ ಅವರು ಒಂದೇ ಸಾಲಲ್ಲಿ ಉತ್ತರ ಕೊಡಬಹುದು. ಕಮಿಷನ್ ಎಷ್ಟು, ಯಾವ ಊರು ಯಾರಿಗೆ ಅನ್ನೋದನ್ನ, ಅವರೇ “ನಿಮ್ಮ ಸಾಫ್ಟ್‌ವೇರ್ ಹೆಂಗೆ?” ಅಂದ ದಿನ ಮಾತಾಡಿ.