ರೆಸಿನ್ ಸರಣಿ 4: ‘ಕ್ರಿಸ್ಟಲ್ ಕ್ಲಿಯರ್’ ನೋಡಿ ತಗೋಬೇಡಿ
ಎಪಾಕ್ಸಿ ರೆಸಿನ್ ತಗೊಳ್ಳುವಾಗ ನೀವು ನೋಡೋದು ಬೆಲೆ, ಆಮೇಲೆ ‘ಕ್ರಿಸ್ಟಲ್ ಕ್ಲಿಯರ್’ ಅನ್ನೋ ಮಾತು. ನನ್ನ ಪ್ರಕಾರ ಮೊದಲು ನೋಡಬೇಕಾದ್ದು, ಅದನ್ನ ಒಂದು ಸಲಕ್ಕೆ ಎಷ್ಟು ದಪ್ಪ ಸುರಿಯಬಹುದು ಅಂತ.

ರೆಸಿನ್‌ಗೆ ಹಾರ್ಡನರ್ ಸೇರಿದಾಗ ಬಿಸಿ ಹುಟ್ಟುತ್ತೆ. ಟೇಬಲ್‌ಗೆ ಬಳಸೋ ‘ಡೀಪ್ ಪೋರ್’ ರೆಸಿನ್ ನೀರಾಗಿರುತ್ತೆ, ನಿಧಾನಕ್ಕೆ ಗಟ್ಟಿಯಾಗುತ್ತೆ. ಹಾಗಾಗಿ ಗುಳ್ಳೆಗಳು ಮೇಲೆ ಬಂದು ಒಡೆಯೋಕೆ ಟೈಮ್ ಸಿಗುತ್ತೆ. ಬೇಗ ಗಟ್ಟಿಯಾಗೋ ಕೋಟಿಂಗ್ ರೆಸಿನ್ ಅನ್ನೇ ಅಷ್ಟು ದಪ್ಪ ಸುರಿದರೆ ಬಿಸಿ ಒಳಗೇ ಉಳಿದು ಹಳದಿಯಾಗುತ್ತೆ, ಬಿರುಕೂ ಬಿಡಬಹುದು. ಟೇಬಲ್ ಮಾಡಿ ಉಳಿದ ಡೀಪ್ ಪೋರ್ ಅನ್ನ ಪುಟ್ಟ ಪೆಂಡೆಂಟ್‌ಗೆ ಹಾಕಿದ್ರೆ ಇದರ ಉಲ್ಟಾ: ಸಾಕಷ್ಟು ಬಿಸಿ ಹುಟ್ಟಲ್ಲ, ದಿನಗಟ್ಟಲೆ ಮೆತ್ತಗೇ ಇರುತ್ತೆ.

ಪೆಂಡೆಂಟ್‌ನಲ್ಲಿ ಅಳತೆಯದ್ದೂ ಒಂದು ಕಾಟ. ತೂಕದಲ್ಲಿ 2:1 ಅಂದ್ರೆ 6 ಗ್ರಾಂ ರೆಸಿನ್‌ಗೆ 3 ಗ್ರಾಂ ಹಾರ್ಡನರ್. ಇಲ್ಲಿ ಅರ್ಧ ಗ್ರಾಂ ತಪ್ಪಿದ್ರೂ ಹಾರ್ಡನರ್‌ನ ಆರರಲ್ಲೊಂದು ಪಾಲು ಏರುಪೇರಾಯ್ತು. 0.1 ಗ್ರಾಂ ತೋರಿಸೋ ತಕ್ಕಡಿ ಬೇಕೇ ಬೇಕು. ಬೇಗ ಆಗಲಿ ಅಂತ ಹಾರ್ಡನರ್ ಜಾಸ್ತಿ ಹಾಕಿದ್ರೆ, ಹೆಚ್ಚಾಗಿದ್ದು ಅಂಟಂಟಾಗಿ ಅಲ್ಲೇ ಉಳಿಯುತ್ತೆ.

ಅಂಟೋ ಪೆಂಡೆಂಟ್ ಹಾಕೋಬೇಡಿ, ಯಾರಿಗೂ ಮಾರಲೇಬೇಡಿ. ಪೂರ್ತಿ ಗಟ್ಟಿಯಾಗದ ರೆಸಿನ್ ಚರ್ಮಕ್ಕೆ ಅಲರ್ಜಿ ತರಬಹುದು. ಒಮ್ಮೆ ಬಂದ್ರೆ ಸಾಮಾನ್ಯವಾಗಿ ಜೀವನಪೂರ್ತಿ ಬಿಡಲ್ಲ. ಕಲಸುವಾಗ ನೈಟ್ರೈಲ್ ಗ್ಲೌಸ್ ಹಾಕಿ. ಮಾರನೇ ದಿನ ಅಚ್ಚಿನಿಂದ ತೆಗೆದರೂ, ಬಾಟಲಿ ಮೇಲೆ ಬರೆದ ‘ಫುಲ್ ಕ್ಯೂರ್’ ದಿನಗಳು ಮುಗಿಯೋವರೆಗೆ ಕಾಯಿರಿ. ಹೆಚ್ಚಿನವಕ್ಕೆ ಒಂದು ವಾರ ಹಿಡಿಯುತ್ತೆ.

‘ಯಾವತ್ತೂ ಹಳದಿ ಆಗಲ್ಲ’ ಅಂತಲೂ ಮಾತು ಕೊಡಬೇಡಿ. ಯುವಿ ಸ್ಟೆಬಿಲೈಸರ್ ಅದನ್ನ ತಡ ಮಾಡುತ್ತೆ ಅಷ್ಟೇ, ನಿಲ್ಲಿಸಲ್ಲ.