ಆಪರೇಷನ್‌ಗೆ ಮುನ್ನ ಬೆಳ್ಳುಳ್ಳಿ, ಶುಂಠಿಯ ಲೆಕ್ಕವನ್ನೂ ಹೇಳಿ

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿರುವವರಲ್ಲಿ, ಆಪರೇಷನ್‌ಗೆ ದಿನ ಗೊತ್ತುಮಾಡಿಕೊಂಡಿರುವವರಲ್ಲಿ, ಅವರನ್ನು ಆಸ್ಪತ್ರೆಗೆ ಕರೆದೊಯ್ಯುವ ಮಕ್ಕಳಲ್ಲಿ ಅರಿವಳಿಕೆ ವೈದ್ಯನಾಗಿ ನನ್ನದೊಂದು ಕೋರಿಕೆ. ಮನೆಯಲ್ಲಿ ಔಷಧಿಯೆಂದು ಸೇವಿಸುವ ಬೆಳ್ಳುಳ್ಳಿ, ಶುಂಠಿಯ ವಿಷಯವನ್ನು ದಯವಿಟ್ಟು ವೈದ್ಯರ ಮುಂದೆ ಬಾಯಿಬಿಟ್ಟು ಹೇಳಿ.

ಆಪರೇಷನ್‌ಗೆ ಮುಂಚಿನ ತಪಾಸಣೆಯಲ್ಲಿ ಯಾವ ಮಾತ್ರೆ ತಗೋತೀರಿ ಎಂದು ಕೇಳಿದರೆ, "ಬಿಪಿ ಮಾತ್ರೆ, ಹಾರ್ಟಿಗೆ ಎಕೋಸ್ಪ್ರಿನ್, ಅಷ್ಟೇ ಡಾಕ್ಟ್ರೇ" ಎಂಬ ಉತ್ತರ ಬರುತ್ತದೆ. ಮನೆಮದ್ದು ಏನಾದರೂ ಉಂಟೇ ಎಂದು ಮತ್ತೆ ಕೇಳಿದಾಗ ಪಕ್ಕದಲ್ಲಿ ಕೂತ ಮಗಳು ಹೇಳುತ್ತಾಳೆ: "ಬೆಳಿಗ್ಗೆ ಖಾಲಿ ಹೊಟ್ಟೆಗೆ ನಾಲ್ಕು ಎಸಳು ಹಸಿ ಬೆಳ್ಳುಳ್ಳಿ ಜಜ್ಜಿ ನುಂಗ್ತಾರೆ. ಅದು ಔಷಧಿ ಅಲ್ವಲ್ಲ, ಅದನ್ನೂ ಹೇಳಬೇಕಾ?" ಹೌದು, ಹೇಳಲೇಬೇಕು. ಏಕೆಂದರೆ ನಮ್ಮ ಮಾಮೂಲಿ ರಕ್ತಪರೀಕ್ಷೆ ಅದನ್ನು ಹಿಡಿದುಕೊಡುವುದಿಲ್ಲ.

ಗಾಯವಾದಾಗ ರಕ್ತ ನಿಲ್ಲುವುದು ಎರಡು ಹಂತದಲ್ಲಿ. ಗದ್ದೆಯ ಬದು ಒಡೆದರೆ ರೈತ ಮೊದಲು ಕೈಗೆ ಸಿಕ್ಕ ಹೆಂಟೆ ಹಾಕಿ ನೀರು ತಡೆಯುತ್ತಾನೆ, ಆಮೇಲೆ ಮಣ್ಣು ಮೆತ್ತಿ ಭದ್ರ ಮಾಡುತ್ತಾನೆ. ರಕ್ತನಾಳದಲ್ಲಿ ಆ ಹೆಂಟೆಗಳ ಕೆಲಸ ಮಾಡುವುದು ಪ್ಲೇಟ್‌ಲೆಟ್‌ಗಳು, ಡೆಂಗಿ ಬಂದಾಗ ನಾವೆಲ್ಲ ಎಣಿಸಿ ಕೂರುತ್ತೇವಲ್ಲ, ಅವೇ. ಅವು ಒಂದಕ್ಕೊಂದು ಅಂಟಿಕೊಂಡು ತೂತು ಮುಚ್ಚುತ್ತವೆ. ರಕ್ತದಲ್ಲಿರುವ ಬೇರೆ ಪ್ರೋಟೀನುಗಳು ಅದರ ಮೇಲೆ ಬಲೆ ಹೆಣೆದು ಗಟ್ಟಿ ಹೆಪ್ಪು ಮಾಡುತ್ತವೆ.

ವಾರ್ಫರಿನ್, ಅಸಿಟ್ರೋಮ್ ಕೆಲಸ ಮಾಡುವುದು ಎರಡನೆಯ ಹಂತದ ಮೇಲೆ. ಅವನ್ನು ಅಳೆಯಲು ಐಎನ್‌ಆರ್ ಪರೀಕ್ಷೆ ಇದೆ. ಎಕೋಸ್ಪ್ರಿನ್ ಮತ್ತು ಕ್ಲೋಪಿಡೋಗ್ರೆಲ್ ಮೊದಲ ಹಂತವನ್ನು, ಅಂದರೆ ಪ್ಲೇಟ್‌ಲೆಟ್ ಅಂಟುವುದನ್ನು ತಡೆಯುತ್ತವೆ. ಬೆಳ್ಳುಳ್ಳಿಯೂ ಕೈಹಾಕುವುದು ಮುಖ್ಯವಾಗಿ ಇಲ್ಲೇ. ಹಸಿ ಎಸಳನ್ನು ಜಜ್ಜಿದಾಗ ಆಲಿಸಿನ್ ಎಂಬ ಗಂಧಕದ ಅಂಶ ಹುಟ್ಟುತ್ತದೆ. ಅದರಿಂದ ಮುಂದೆ ಆಗುವ ಅಜೋಯಿನ್‌ನಂಥ ಅಂಶಗಳು ಪ್ಲೇಟ್‌ಲೆಟ್‌ಗಳ ಅಂಟುವ ಗುಣವನ್ನು ಕುಂದಿಸುತ್ತವೆ. ಶುಂಠಿಯ ಖಾರದ ಅಂಶಗಳು ಥ್ರಾಂಬಾಕ್ಸೇನ್ ಎಂಬ ವಸ್ತು ತಯಾರಾಗುವುದನ್ನು ತಗ್ಗಿಸಬಲ್ಲವು. ಆಸ್ಪಿರಿನ್ ತಡೆಯುವುದೂ ಅದನ್ನೇ. ಹೀಗಿರುವಾಗ ಪ್ಲೇಟ್‌ಲೆಟ್ ಎಣಿಕೆ ಸರಿಯಾಗಿಯೇ ಇರಬಹುದು, ಐಎನ್‌ಆರ್ ಕೂಡ ಸರಿಯಾಗಿಯೇ ಬರಬಹುದು. ಎಣಿಕೆ ಸರಿ ಇದೆ ಎಂದರೆ ಅವು ಕೆಲಸ ಮಾಡುತ್ತಿವೆ ಎಂದು ಅರ್ಥವಲ್ಲ. ರಿಪೋರ್ಟ್ ನಾರ್ಮಲ್ ಇದೆಯಲ್ಲ ಎಂಬ ಧೈರ್ಯ ಇಲ್ಲಿ ಸಾಲದು.

ಇದು ಎಷ್ಟು ದೂರ ಹೋಗಬಹುದು ಎಂಬುದಕ್ಕೆ 1990ರಲ್ಲಿ ಅಮೆರಿಕದ ನರಶಸ್ತ್ರಚಿಕಿತ್ಸಾ ಪತ್ರಿಕೆಯೊಂದರಲ್ಲಿ ವರದಿಯಾದ ಪ್ರಕರಣ ನೋಡಿ. 87 ವರ್ಷದ ವೃದ್ಧರೊಬ್ಬರಿಗೆ ಯಾವ ಪೆಟ್ಟೂ ಬೀಳದೆ, ತಾನಾಗಿಯೇ ಬೆನ್ನುಹುರಿಯ ಹೊದಿಕೆಯ ಹೊರಗೆ ರಕ್ತಸ್ರಾವವಾಗಿ ಕಾಲುಗಳ ಶಕ್ತಿ ಹೋಯಿತು. ಪರೀಕ್ಷಿಸಿದಾಗ ಅವರ ಪ್ಲೇಟ್‌ಲೆಟ್‌ಗಳು ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಹೃದಯಕ್ಕೆ ಒಳ್ಳೆಯದೆಂದು ಅವರು ದಿನಕ್ಕೆ ಸುಮಾರು ನಾಲ್ಕು ಎಸಳು ಬೆಳ್ಳುಳ್ಳಿ ತಿನ್ನುತ್ತಿದ್ದರು. ಇಂಥದ್ದು ಅಪರೂಪ, ನಾಲ್ಕು ಎಸಳು ತಿಂದವರಿಗೆಲ್ಲ ಹೀಗಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಆ ಜಾಗ ಯಾವುದೆಂದು ಗಮನಿಸಿ. ಮಂಡಿ ಬದಲಾವಣೆ, ಹರ್ನಿಯಾ, ಸಿಸೇರಿಯನ್‌ಗೆಂದು ಬೆನ್ನಿಗೆ ಇಂಜೆಕ್ಷನ್ ಕೊಡುವಾಗ ನಮ್ಮ ಸೂಜಿ ದಾಟಿಹೋಗುವುದು ಅದೇ ಜಾಗವನ್ನು. ಅಲ್ಲಿ ಸೋರಿದ ರಕ್ತಕ್ಕೆ ಹೊರದಾರಿ ಇಲ್ಲ, ಅದು ನರಗಳನ್ನು ಒತ್ತುತ್ತದೆ. ಕೆಲವೇ ಗಂಟೆಗಳಲ್ಲಿ ಆಪರೇಷನ್ ಮಾಡಿ ತೆಗೆಯದಿದ್ದರೆ ಕಾಲಿನ ಶಕ್ತಿ ಮರಳದೆಯೂ ಹೋಗಬಹುದು.

ಶುಂಠಿಯ ವಿಷಯದಲ್ಲಿ ಸಾಕ್ಷ್ಯ ಒಂದೇ ತೆರನಾಗಿಲ್ಲ. ಆರೋಗ್ಯವಂತರಿಗೆ ಶುಂಠಿ ಮತ್ತು ವಾರ್ಫರಿನ್ ಒಟ್ಟಿಗೆ ಕೊಟ್ಟು ನೋಡಿದ ಪರೀಕ್ಷೆಯಲ್ಲಿ ತೊಂದರೆ ಕಾಣಲಿಲ್ಲ. ಆದರೆ 2004ರಲ್ಲಿ ಯುರೋಪಿನಿಂದ ಬಂದ ವರದಿ ಬೇರೆ ಕಥೆ ಹೇಳುತ್ತದೆ. ವಾರ್ಫರಿನ್ ಜಾತಿಯದೇ ಮಾತ್ರೆಯಲ್ಲಿ ಸ್ಥಿರವಾಗಿದ್ದ 76 ವರ್ಷದ ಮಹಿಳೆ ಒಣಶುಂಠಿ ತುಂಡು ಮತ್ತು ಶುಂಠಿ ಪುಡಿಯ ಚಹಾ ಸೇವಿಸತೊಡಗಿದ ಮೇಲೆ ಮೂಗಿನಿಂದ ರಕ್ತ ಬಂದು ಆಸ್ಪತ್ರೆ ಸೇರಿದರು. ಎರಡು ಮೂರರ ಆಸುಪಾಸಿನಲ್ಲಿ ಇರಬೇಕಾದ ಐಎನ್‌ಆರ್ 10 ದಾಟಿತ್ತು. ಶುಂಠಿ ನಿಲ್ಲಿಸಿ ವಿಟಮಿನ್ ಕೆ ಕೊಟ್ಟ ಮೇಲೆ ಸರಿಹೋಯಿತು. ವಯಸ್ಸಾದ, ನಾಲ್ಕಾರು ಮಾತ್ರೆ ತಿನ್ನುವ ಶರೀರ ಆರೋಗ್ಯವಂತ ಯುವಕರ ಶರೀರದ ಹಾಗೆ ನಡೆದುಕೊಳ್ಳಬೇಕೆಂದಿಲ್ಲ.

ಸಾರು, ಚಟ್ನಿ, ಒಗ್ಗರಣೆಗೆ ಬೀಳುವ ಬೆಳ್ಳುಳ್ಳಿ, ಚಹಾಕ್ಕೆ ಜಜ್ಜಿ ಹಾಕುವ ತುಂಡು ಶುಂಠಿ ಬಿಡಬೇಕೆಂದು ನಾನು ಹೇಳುತ್ತಿಲ್ಲ. ಬೇಯಿಸಿದಾಗ ಬೆಳ್ಳುಳ್ಳಿಯ ಈ ಗುಣ ಬಹಳಷ್ಟು ಇಳಿದುಹೋಗುತ್ತದೆ. ನನ್ನ ಆತಂಕ ದಿನವೂ ಔಷಧಿಯಾಗಿ ಸೇವಿಸುವ ಹಸಿ ಎಸಳುಗಳು, ಬೆಳ್ಳುಳ್ಳಿ ಕ್ಯಾಪ್ಸೂಲು, ಚಮಚಗಟ್ಟಲೆ ಒಣಶುಂಠಿ ಪುಡಿಯ ಬಗ್ಗೆ. ಹಾರ್ಟ್ ಬ್ಲಾಕ್ ಕರಗಿಸುತ್ತದೆಂದು ವಾಟ್ಸಾಪಿನಲ್ಲಿ ಸುತ್ತುವ ಬೆಳ್ಳುಳ್ಳಿ, ಶುಂಠಿ, ನಿಂಬೆ ರಸ, ವಿನೆಗರ್ ಕುದಿಸಿ ಜೇನು ಬೆರೆಸಿದ ಕಷಾಯದ ಬಗ್ಗೆಯೂ ಅಷ್ಟೇ. ಒಂದೊಂದು ಮನೆಯಲ್ಲಿ ಅದು ಒಂದೊಂದು ಹದ, ಅದರ ಬಲ ಎಷ್ಟೆಂದು ಯಾರಿಗೂ ಹೇಳಲಾಗದು. ಅದನ್ನು ಕುಡಿಯುವವರಲ್ಲಿ ಹಲವರು ಆಗಲೇ ಎಕೋಸ್ಪ್ರಿನ್, ಕ್ಲೋಪಿಡೋಗ್ರೆಲ್ ಮೇಲಿರುವ ಹೃದ್ರೋಗಿಗಳೇ. ಮೂರೂ ಒಂದೇ ಕಡೆ ಎಳೆದರೆ ಅಪಾಯ ಕೂಡುತ್ತದೆ.

ಪ್ಲೇಟ್‌ಲೆಟ್‌ನ ಆಯುಷ್ಯ 7ರಿಂದ 10 ದಿನ. ಕೆಟ್ಟವು ಹೋಗಿ ಹೊಸವು ಬರಲು ಅಷ್ಟು ಕಾಲ ಬೇಕು. ಹಾಗಾಗಿ ಹಿಂದಿನ ರಾತ್ರಿ ಬಿಟ್ಟರೆ ಪ್ರಯೋಜನವಿಲ್ಲ. ಔಷಧಿಯಾಗಿ ತೆಗೆದುಕೊಳ್ಳುವ ಬೆಳ್ಳುಳ್ಳಿಯನ್ನು ಕನಿಷ್ಠ 7 ದಿನ ಮೊದಲು ನಿಲ್ಲಿಸಬೇಕೆಂಬುದು 2001ರಿಂದಲೂ ವೈದ್ಯಲೋಕದಲ್ಲಿರುವ ಸಲಹೆ. ಇಂಥ ಮನೆಮದ್ದುಗಳನ್ನೆಲ್ಲ ಎರಡು ವಾರ ಮೊದಲೇ ಬಿಡುವುದು ಇನ್ನೂ ಒಳ್ಳೆಯದು. ಹಲ್ಲು ಕೀಳಿಸುವುದಿದ್ದರೂ ದಂತವೈದ್ಯರಿಗೆ ಮುಂಚೆಯೇ ತಿಳಿಸಿ. ಅಪಘಾತದಂಥ ತುರ್ತಿನಲ್ಲಿ ಕಾಯುವ ಮಾತಿಲ್ಲ, ಹೇಳಿದರೆ ಸಾಕು. ಬೆನ್ನಿಗೆ ಸೂಜಿಯೋ, ಪೂರ್ಣ ಅರಿವಳಿಕೆಯೋ ಎಂದು ನಾವು ಯೋಚಿಸಿ ನಿರ್ಧರಿಸಬಹುದು, ಬೇಕಾದರೆ ಪ್ಲೇಟ್‌ಲೆಟ್ ತರಿಸಿ ಇಟ್ಟುಕೊಳ್ಳಬಹುದು.

ಒಂದು ಎಚ್ಚರಿಕೆ ಮರೆಯಬೇಡಿ. ನಿಲ್ಲಿಸಬೇಕಾದ್ದು ಮನೆಮದ್ದನ್ನು, ವೈದ್ಯರು ಬರೆದ ಮಾತ್ರೆಯನ್ನಲ್ಲ. ಸ್ಟೆಂಟ್ ಹಾಕಿಸಿಕೊಂಡವರು ಸ್ವಂತ ಬುದ್ಧಿಯಿಂದ ಕ್ಲೋಪಿಡೋಗ್ರೆಲ್ ಬಿಟ್ಟರೆ ಸ್ಟೆಂಟ್ ಕಟ್ಟಿಕೊಂಡು ಹೃದಯಾಘಾತವಾಗಬಹುದು. ಕೃತಕ ಕವಾಟ ಇರುವವರು ವಾರ್ಫರಿನ್ ಬಿಟ್ಟರೆ ಪಾರ್ಶ್ವವಾಯು ಬಡಿಯಬಹುದು. ಅವನ್ನು ಎಂದು ನಿಲ್ಲಿಸಬೇಕು, ಎಂದು ಶುರುಮಾಡಬೇಕು ಎಂಬುದನ್ನು ನಿಮ್ಮ ಹೃದ್ರೋಗ ತಜ್ಞರೇ ಹೇಳಲಿ.

ಈ ಮಾತ್ರೆಗಳ ಮೇಲಿದ್ದವರು ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ, ಪೆಟ್ಟಿಲ್ಲದೆ ಮೂಡುವ ನೀಲಿ ಕಲೆ ಕಂಡರೆ ಬೇಗ ವೈದ್ಯರನ್ನು ಕಾಣಿ. ಹದಿನೈದು ನಿಮಿಷ ಒತ್ತಿ ಹಿಡಿದರೂ ಮೂಗಿನ ರಕ್ತ ನಿಲ್ಲದಿದ್ದರೆ, ಮಲ ಡಾಂಬರಿನಂತೆ ಕಪ್ಪಾದರೆ, ಮೂತ್ರ ಕೆಂಪಾದರೆ, ತಲೆಗೆ ಪೆಟ್ಟು ಬಿದ್ದರೆ ತಡಮಾಡದೆ ಆಸ್ಪತ್ರೆಗೆ ಹೊರಡಿ. ಬೆನ್ನಿಗೆ ಸೂಜಿ ಹಾಕಿಸಿಕೊಂಡವರಿಗೆ ಕಾಲಿಗೆ ಬಂದ ಶಕ್ತಿ ಮತ್ತೆ ಕುಂದಿದರೆ, ಬೆನ್ನು ವಿಪರೀತ ನೋಯತೊಡಗಿದರೆ ಆ ಕ್ಷಣವೇ ಹೇಳಿ, ಬೆಳಗಾಗಲಿ ಎಂದು ಕಾಯಬೇಡಿ.

ಇವತ್ತೇ ಒಂದು ಚೀಟಿ ತೆಗೆದುಕೊಳ್ಳಿ. ಮಾತ್ರೆಗಳ ಹೆಸರಿನ ಕೆಳಗೆ ಬೆಳ್ಳುಳ್ಳಿ ಎಷ್ಟು ಎಸಳು, ಶುಂಠಿ ಎಷ್ಟು ಚಮಚ, ಎಷ್ಟು ದಿನದಿಂದ ಎಂದು ಬರೆದು ಆಸ್ಪತ್ರೆಯ ಫೈಲಿನಲ್ಲಿಡಿ. ಹೇಳಿದರೆ ಯಾವ ವೈದ್ಯರೂ ಬೈಯುವುದಿಲ್ಲ. ಬೈದರೂ ಪರವಾಗಿಲ್ಲ, ಹೇಳಿ.